ತಿಂಗಳ ಹಣ ತಪ್ಪದೆ ಬರುತ್ತಿದೆ, ಯೂನಿಟ್ ಎಷ್ಟು ಉಳಿದಿದೆ?

ನಿವೃತ್ತಿಯ ದಿನ ಕೈಗೆ ಬರುವ ಗ್ರಾಚ್ಯುಟಿ ಮತ್ತು ಭವಿಷ್ಯನಿಧಿಯ ಹಣವನ್ನೋ, ಸೈಟು ಮಾರಿ ಬಂದ ಹಣವನ್ನೋ ಮ್ಯೂಚುವಲ್ ಫಂಡ್‌ನಲ್ಲಿಟ್ಟು ತಿಂಗಳು ತಿಂಗಳು ಒಂದಿಷ್ಟು ತೆಗೆದುಕೊಳ್ಳುವವರು ಈಚೆಗೆ ಹೆಚ್ಚುತ್ತಿದ್ದಾರೆ. ಈ ವ್ಯವಸ್ಥೆಯ ಹೆಸರು ಸಿಸ್ಟಮ್ಯಾಟಿಕ್ ವಿತ್‌ಡ್ರಾಯಲ್ ಪ್ಲಾನ್. ಎಲ್ಲರೂ ಕರೆಯುವುದು ಎಸ್‌ಡಬ್ಲ್ಯುಪಿ ಎಂದು. ಒಮ್ಮೆ ಅರ್ಜಿ ತುಂಬಿದರೆ ಸಾಕು, ನೀವು ಹೇಳಿದ ತಾರೀಖಿಗೆ ನೀವು ಹೇಳಿದ ಮೊತ್ತ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಸಂಬಳದ ಹಾಗೆ, ಪೆನ್ಷನ್ನಿನ ಹಾಗೆ ಅದು ತಪ್ಪದೆ ಬರುವುದರಿಂದ ಬಹಳ ಜನ ಅದನ್ನು ಬಡ್ಡಿ ಎಂದೇ ತಿಳಿದಿದ್ದಾರೆ.

ಅದು ಬಡ್ಡಿಯಲ್ಲ. ಬ್ಯಾಂಕಿನ ಠೇವಣಿಯಿಂದ ತಿಂಗಳ ಬಡ್ಡಿ ತೆಗೆದುಕೊಂಡರೆ ಅಸಲು ಇದ್ದಲ್ಲೇ ಇರುತ್ತದೆ. ಎಸ್‌ಡಬ್ಲ್ಯುಪಿಯಲ್ಲಿ ಪ್ರತಿ ತಿಂಗಳೂ ನಿಮ್ಮ ಹೆಸರಿನಲ್ಲಿರುವ ಯೂನಿಟ್‌ಗಳಲ್ಲಿ ಕೆಲವನ್ನು ಮಾರಲಾಗುತ್ತದೆ. ಖಾತೆಗೆ ಬರುವುದು ಆ ಮಾರಾಟದ ಹಣ. ಅದರಲ್ಲಿ ಲಾಭದ ಪಾಲೂ ಇರುತ್ತದೆ, ನಿಮ್ಮದೇ ಅಸಲಿನ ಪಾಲೂ ಇರುತ್ತದೆ. ಯಾವುದು ಎಷ್ಟು ಎಂದು ಬ್ಯಾಂಕಿನ ಪಾಸ್‌ಬುಕ್ ಹೇಳುವುದಿಲ್ಲ. ಫಂಡ್ ಏರಿದ ತಿಂಗಳೂ 25,000 ರೂಪಾಯಿ ಬರುತ್ತದೆ, ಅರ್ಧಕ್ಕರ್ಧ ಕುಸಿದ ತಿಂಗಳೂ ಅಷ್ಟೇ ಬರುತ್ತದೆ. ಅಸಲು ಕರಗುತ್ತಿರುವುದು ಎಷ್ಟೋ ವರ್ಷ ಗಮನಕ್ಕೇ ಬಾರದಿರುವುದು ಈ ಕಾರಣಕ್ಕೆ.

ಒಂದು ಲೆಕ್ಕದಿಂದ ಶುರು ಮಾಡೋಣ. 40 ಲಕ್ಷ ರೂಪಾಯಿ ಹಾಕಿದ್ದೀರಿ, ಆ ದಿನ ಫಂಡಿನ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, 50 ರೂಪಾಯಿ ಇತ್ತು ಎಂದುಕೊಳ್ಳಿ. ನಿಮಗೆ 80,000 ಯೂನಿಟ್ ಸಿಗುತ್ತದೆ. ತಿಂಗಳಿಗೆ 25,000 ಬೇಕೆಂದರೆ ಮೊದಲ ತಿಂಗಳು 500 ಯೂನಿಟ್ ಮಾರಬೇಕು. ಎನ್‌ಎವಿ 60ಕ್ಕೆ ಏರಿದ ದಿನ ಅದೇ 25,000ಕ್ಕೆ 417 ಯೂನಿಟ್ ಸಾಕು. 40ಕ್ಕೆ ಇಳಿದ ದಿನ 625 ಯೂನಿಟ್ ಹೋಗುತ್ತದೆ. ಎಸ್‌ಐಪಿ ಮಾಡಿದವರಿಗೆ ಇದರ ತಿರುಗುಮುರುಗಾದ ರೂಪ ಗೊತ್ತಿರುತ್ತದೆ. ಅಲ್ಲಿ ಬೆಲೆ ಇಳಿದಾಗ ಹೆಚ್ಚು ಯೂನಿಟ್ ಕೊಳ್ಳುತ್ತೀರಿ, ಅದು ಒಳ್ಳೆಯದು. ಇಲ್ಲಿ ಬೆಲೆ ಇಳಿದಾಗ ಹೆಚ್ಚು ಯೂನಿಟ್ ಮಾರುತ್ತೀರಿ. ಹಾಗೆ ಮಾರಿದ ಯೂನಿಟ್ ಮುಂದೆ ಮಾರುಕಟ್ಟೆ ಏರಿದಾಗ ನಿಮ್ಮ ಬಳಿ ಇರುವುದಿಲ್ಲ.

ಯೂನಿಟ್‌ಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿಯುವುದು ಖಚಿತ, ಎಸ್‌ಡಬ್ಲ್ಯುಪಿಯಲ್ಲಿ ಅದು ಎಂದೂ ಏರುವುದಿಲ್ಲ. ಹಾಗೆಂದು ಹಣದ ಒಟ್ಟು ಮೌಲ್ಯವೂ ಇಳಿಯಲೇಬೇಕೆಂದಿಲ್ಲ. ಮೇಲಿನ ಲೆಕ್ಕದಲ್ಲಿ ತಿಂಗಳಿಗೆ ಮಾರುತ್ತಿರುವುದು ಒಟ್ಟು ಯೂನಿಟ್‌ಗಳ ಶೇ 0.625, ವರ್ಷಕ್ಕೆ ಶೇ 7.5. ಎನ್‌ಎವಿ ಅದಕ್ಕಿಂತ ವೇಗವಾಗಿ ಏರುತ್ತಿದ್ದರೆ ಉಳಿದ ಯೂನಿಟ್‌ಗಳ ಬೆಲೆ ಹೋದದ್ದನ್ನು ತುಂಬಿಕೊಡುತ್ತದೆ. ಅದಕ್ಕಿಂತ ನಿಧಾನವಾಗಿ ಏರಿದರೆ ಅಸಲನ್ನು ತಿನ್ನುತ್ತಿದ್ದೀರಿ ಎಂದೇ ಅರ್ಥ.

ಮೊದಲು ನಿಧಾನ, ಆಮೇಲೆ ಬೇಗ

ಏರಿಳಿತವೇ ಇಲ್ಲದ ಒಂದು ಫಂಡ್ ಇದೆ, ತಿಂಗಳಿಗೆ ಅರ್ಧ ಪರ್ಸೆಂಟ್, ವರ್ಷಕ್ಕೆ ಸುಮಾರು ಶೇ 6 ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಒಳ್ಳೆಯ ಡೆಟ್ ಫಂಡ್‌ನಿಂದ ನಿರೀಕ್ಷಿಸಬಹುದಾದ ಮಟ್ಟ ಇದು. 40 ಲಕ್ಷಕ್ಕೆ ತಿಂಗಳಿಗೆ 20,000 ಗಳಿಕೆ. ನೀವು ತೆಗೆಯುವುದು 25,000. ಮೊದಲ ತಿಂಗಳು ಅಸಲಿನಿಂದ ಹೋಗುವುದು 5,000 ಮಾತ್ರ. 40 ಲಕ್ಷದ ಮುಂದೆ ಅದು ಗಮನಕ್ಕೇ ಬಾರದಷ್ಟು ಸಣ್ಣದು.

ಹತ್ತು ವರ್ಷ ಕಳೆದಾಗ 31.8 ಲಕ್ಷ ಉಳಿದಿರುತ್ತದೆ. ಹತ್ತು ವರ್ಷದಲ್ಲಿ 30 ಲಕ್ಷ ತೆಗೆದರೂ ಕಡಿಮೆಯಾದದ್ದು 8 ಲಕ್ಷ ಚಿಲ್ಲರೆ, ಪರವಾಗಿಲ್ಲ ಎನಿಸುತ್ತದೆ. ಇಪ್ಪತ್ತು ವರ್ಷಕ್ಕೆ ಉಳಿಯುವುದು 16.9 ಲಕ್ಷ. ಎರಡನೆಯ ದಶಕದಲ್ಲಿ ಹೋದದ್ದು ಸುಮಾರು 15 ಲಕ್ಷ. ಅಲ್ಲಿಂದ ಏಳು ವರ್ಷ ತುಂಬುವ ಮೊದಲೇ ಖಾತೆ ಬರಿದಾಗುತ್ತದೆ. ಅಸಲು ಸಣ್ಣದಾದಂತೆ ಗಳಿಕೆಯೂ ಸಣ್ಣದಾಗುತ್ತದೆ, ತೆಗೆಯುವ ಮೊತ್ತ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಪ್ರತಿ ತಿಂಗಳೂ ಹಿಂದಿನ ತಿಂಗಳಿಗಿಂತ ಸ್ವಲ್ಪ ಹೆಚ್ಚು ಅಸಲು ಹೋಗುತ್ತದೆ. ಇಳಿಜಾರಿನಲ್ಲಿ ಬಿಟ್ಟ ಬಂಡಿಯಂತೆ ಇದರ ವೇಗ ಕೊನೆಕೊನೆಗೆ ಹೆಚ್ಚುತ್ತದೆ, ಅಷ್ಟರಲ್ಲಿ ನಮಗೆ ಎಂಬತ್ತು ದಾಟಿರುತ್ತದೆ. ತೆಗೆಯುವ ಮೊತ್ತ 30,000 ಆಗಿದ್ದರೆ ಈ ಹಣ 18 ವರ್ಷ ಬರುತ್ತದೆ. 40,000 ಆಗಿದ್ದರೆ 12 ವರ್ಷವೂ ತುಂಬುವುದಿಲ್ಲ.

ಇಷ್ಟೂ ತೆಗೆಯುವ ಮೊತ್ತ ಬದಲಾಗದಿದ್ದರೆ ಬರುವ ಲೆಕ್ಕ. ಮನೆಖರ್ಚು ಹಾಗಿರುವುದಿಲ್ಲ. ಬೆಲೆಯೇರಿಕೆ ವರ್ಷಕ್ಕೆ ಶೇ 6 ಇದ್ದು, ನೀವೂ ಪ್ರತಿ ವರ್ಷ ಶೇ 6 ಹೆಚ್ಚು ತೆಗೆಯುತ್ತ ಹೋದರೆ, ಫಂಡಿನ ಶೇ 6ರ ಗಳಿಕೆಯೆಲ್ಲ ಆ ಹೆಚ್ಚಳಕ್ಕೇ ಸರಿಹೋಗುತ್ತದೆ. ಆಗ ಲೆಕ್ಕ ತುಂಬ ಸರಳ. 40 ಲಕ್ಷವನ್ನು ಮೊದಲ ವರ್ಷದ 3 ಲಕ್ಷದಿಂದ ಭಾಗಿಸಿ. ಬರುವ ಉತ್ತರ ಹದಿಮೂರು ವರ್ಷ ಮತ್ತು ಕೆಲವು ತಿಂಗಳು. 27 ವರ್ಷ ಬರಬೇಕಿದ್ದ ಹಣದ ಆಯುಸ್ಸು ಬೆಲೆಯೇರಿಕೆಯನ್ನು ಲೆಕ್ಕಕ್ಕೆ ತಂದ ಕೂಡಲೇ ಅರ್ಧಕ್ಕಿಳಿಯಿತು.

ಅಕ್ಕ ಮತ್ತು ತಂಗಿ

ಹಾಗಿದ್ದರೆ ಹೆಚ್ಚು ಗಳಿಸುವ ಈಕ್ವಿಟಿ ಫಂಡ್‌ಗೆ ಹೋದರೆ ಆಯಿತಲ್ಲ ಎನ್ನಬಹುದು. ಎಸ್‌ಡಬ್ಲ್ಯುಪಿ ಮಾರುವವರು ಹೇಳುವುದೂ ಅದನ್ನೇ. ದೀರ್ಘಾವಧಿಯಲ್ಲಿ ಈಕ್ವಿಟಿ ಶೇ 12 ಕೊಟ್ಟಿದೆ, ನೀವು ಶೇ 7.5 ತೆಗೆದರೆ ಅಸಲು ಬೆಳೆಯುತ್ತಲೇ ಇರುತ್ತದೆ ಎಂದು. ಸರಾಸರಿಯ ಮಟ್ಟಿಗೆ ಆ ಮಾತು ಸುಳ್ಳಲ್ಲ. ಆದರೆ ಎಸ್‌ಡಬ್ಲ್ಯುಪಿಯ ಹಣೆಬರಹವನ್ನು ಸರಾಸರಿ ಒಂದೇ ಬರೆಯುವುದಿಲ್ಲ. ಯಾವ ವರ್ಷ ಮೊದಲು ಬಂತು, ಯಾವುದು ಆಮೇಲೆ ಬಂತು ಎಂಬುದರ ಮೇಲೆ ಅರ್ಧ ಕತೆ ನಿಂತಿದೆ. ಇದನ್ನು ಸೆನ್ಸೆಕ್ಸ್‌ನ ನಿಜವಾದ ಅಂಕಿಗಳನ್ನೇ ಇಟ್ಟುಕೊಂಡು ನೋಡೋಣ.

ಇಬ್ಬರು ಶಿಕ್ಷಕಿಯರನ್ನು ಕಲ್ಪಿಸಿಕೊಳ್ಳಿ, ಅಕ್ಕ ಮತ್ತು ತಂಗಿ. ಅಕ್ಕ 2007ರ ಕೊನೆಯಲ್ಲಿ, ತಂಗಿ 2008ರ ಕೊನೆಯಲ್ಲಿ ನಿವೃತ್ತರಾದರು. ಇಬ್ಬರೂ ಸೆನ್ಸೆಕ್ಸ್‌ನಷ್ಟೇ ಏರುವ, ಸೆನ್ಸೆಕ್ಸ್‌ನಷ್ಟೇ ಇಳಿಯುವ ಒಂದು ಫಂಡ್‌ನಲ್ಲಿ ತಲಾ 40 ಲಕ್ಷ ಹಾಕಿದರು. ಲೆಕ್ಕ ಸುಲಭವಾಗಲೆಂದು ಸೆನ್ಸೆಕ್ಸ್‌ನ ನೂರನೆಯ ಒಂದು ಭಾಗವನ್ನು ಎನ್‌ಎವಿ ಎಂದುಕೊಳ್ಳೋಣ. ತಿಂಗಳಿಗೆ 25,000ದ ಬದಲು ಪ್ರತಿ ವರ್ಷದ ಕೊನೆಯಲ್ಲಿ ಒಂದೇ ಸಲ 3 ಲಕ್ಷ ತೆಗೆದರು ಎಂದುಕೊಳ್ಳೋಣ. ಕಂಪನಿಗಳು ಕೊಡುವ ಡಿವಿಡೆಂಡನ್ನು ಕೂಡಿಸಿಲ್ಲ, ಫಂಡಿನ ವೆಚ್ಚವನ್ನೂ ತೆರಿಗೆಯನ್ನೂ ಕಳೆದಿಲ್ಲ.

2007ರ ಕೊನೆಗೆ ಸೆನ್ಸೆಕ್ಸ್ 20,287ರಲ್ಲಿತ್ತು. ಅಕ್ಕನಿಗೆ ಸಿಕ್ಕಿದ್ದು 19,717 ಯೂನಿಟ್. ಮರುವರ್ಷ ಅಮೆರಿಕದ ಲೆಹ್ಮನ್ ಬ್ರದರ್ಸ್ ಮುಳುಗಿತು, ಜಗತ್ತಿನ ಮಾರುಕಟ್ಟೆಗಳೆಲ್ಲ ನೆಲ ಕಚ್ಚಿದವು. 2008ರ ಕೊನೆಗೆ ಸೆನ್ಸೆಕ್ಸ್ 9,647. ಅಕ್ಕ ತನ್ನ ಮೊದಲ 3 ಲಕ್ಷಕ್ಕೆ 3,110 ಯೂನಿಟ್ ಮಾರಬೇಕಾಯಿತು. ಒಂದೇ ವರ್ಷದಲ್ಲಿ ಆರನೆಯ ಒಂದು ಪಾಲಿನಷ್ಟು ಯೂನಿಟ್ ಹೋಯಿತು. ಉಳಿದ ಹಣದ ಬೆಲೆ 16 ಲಕ್ಷ.

ಮಾರುಕಟ್ಟೆ ಬೇಗನೆ ಚೇತರಿಸಿಕೊಂಡಿತು. 2010ರ ಕೊನೆಗೆ ಸೆನ್ಸೆಕ್ಸ್ 20,509, ಅಕ್ಕ ಹಣ ಹಾಕಿದ ದಿನಕ್ಕಿಂತ ಸ್ವಲ್ಪ ಮೇಲೆಯೇ. ಅಷ್ಟರಲ್ಲಿ ಆಕೆ ತೆಗೆದದ್ದು ಒಟ್ಟು 9 ಲಕ್ಷ. 40ರಲ್ಲಿ 9 ಕಳೆದರೆ 31 ಲಕ್ಷವಾದರೂ ಇರಬೇಕಲ್ಲವೇ? ಇದ್ದದ್ದು 27.5 ಲಕ್ಷ. ಮಾರುಕಟ್ಟೆಗೆ ಆದ ನಷ್ಟ ಪೂರ್ತಿ ತುಂಬಿಬಂದರೂ ಆಕೆಗೆ ಆದ ನಷ್ಟ ತುಂಬಿಬರಲಿಲ್ಲ, ಏಕೆಂದರೆ 2008ರಲ್ಲಿ ಮಾರಿದ ಯೂನಿಟ್‌ಗಳು ಏರುವಾಗ ಆಕೆಯ ಬಳಿ ಇರಲಿಲ್ಲ. 2011ರಲ್ಲಿ ಸೆನ್ಸೆಕ್ಸ್ ಮತ್ತೆ 15,455ಕ್ಕೆ ಇಳಿಯಿತು. ಆಕೆಯ ಹಣ 18 ಲಕ್ಷಕ್ಕಿಂತ ಕೆಳಗೆ ಬಂತು. 3 ಲಕ್ಷವೆಂಬುದು ಈಗ ಇದ್ದ ಹಣದ ಶೇ 7.5 ಆಗಿರಲಿಲ್ಲ, ಶೇ 17 ಆಗಿತ್ತು. ಯಾವ ಫಂಡೂ ವರ್ಷ ವರ್ಷ ಅಷ್ಟನ್ನು ದುಡಿದುಕೊಡಲಾರದು. 2014ರಲ್ಲಿ ಸೆನ್ಸೆಕ್ಸ್ ಸುಮಾರು ಶೇ 30 ಏರಿದಾಗ ಅಕ್ಕನ ಹಣ 18ರಿಂದ 20 ಲಕ್ಷಕ್ಕೆ ಏರಿತು, ಅಷ್ಟೇ. ಆಮೇಲೆ ಹೆಚ್ಚಾಗಿ ಇಳಿಕೆಯದೇ ದಾರಿ. 2020ರ ಕೊನೆಗೆ 10 ಲಕ್ಷ. 2024ರ ಕೊನೆಗೆ ಸೆನ್ಸೆಕ್ಸ್ 78,139ರಲ್ಲಿತ್ತು, ಅಂದರೆ ಆಕೆ ಹಾಕಿದ ದಿನದ ಸುಮಾರು ನಾಲ್ಕು ಪಟ್ಟು. ಅಕ್ಕನ ಬಳಿ ಉಳಿದದ್ದು 282 ಯೂನಿಟ್, ಬೆಲೆ 2.2 ಲಕ್ಷ. ಮುಂದಿನ ವರ್ಷದ 3 ಲಕ್ಷಕ್ಕೆ ಅದು ಸಾಲದು.

ತಂಗಿಯದು ಬೇರೆಯೇ ಕತೆ. ಆಕೆ ಹಣ ಹಾಕಿದ್ದು 9,647ರಲ್ಲಿ, ಸಿಕ್ಕಿದ್ದು 41,464 ಯೂನಿಟ್. ಅದೇ ಫಂಡ್, ಅದೇ 40 ಲಕ್ಷ, ವರ್ಷಕ್ಕೆ ಅದೇ 3 ಲಕ್ಷ. ಅಕ್ಕನಿಗೆ ಬಂದ 2011ರ ಇಳಿಕೆ ಆಕೆಗೂ ಬಂತು, 2015ರ ಇಳಿಕೆಯೂ ಬಂತು. ಆದರೂ ಹದಿನಾರು ವರ್ಷ ಹಣ ತೆಗೆದ ಮೇಲೆ 2024ರ ಕೊನೆಗೆ ಆಕೆಯ ಬಳಿ 25,139 ಯೂನಿಟ್ ಇತ್ತು. ಅದರ ಬೆಲೆ 1 ಕೋಟಿ 96 ಲಕ್ಷ. ಇಬ್ಬರಲ್ಲಿ ಯಾರೂ ಹೆಚ್ಚು ಜಾಣರಲ್ಲ, ಯಾರೂ ದುಂದುಗಾರರಲ್ಲ. ಹುಟ್ಟಿದ ವರ್ಷವೊಂದೇ ವ್ಯತ್ಯಾಸ.

ಆದ್ದರಿಂದ ಯಾರಾದರೂ ನಿಮಗೆ ಎಸ್‌ಡಬ್ಲ್ಯುಪಿಯ ಚಾರ್ಟ್ ತೋರಿಸಿ, ಇಷ್ಟು ವರ್ಷ ಇಷ್ಟು ತೆಗೆದರೂ ಅಸಲು ನಾಲ್ಕು ಪಟ್ಟಾಗಿದೆ ನೋಡಿ ಎಂದರೆ, ಮೊದಲು ನೋಡಬೇಕಾದದ್ದು ಆ ಚಾರ್ಟ್ ಶುರುವಾದ ತಾರೀಖನ್ನು. 2003ರ ಆರಂಭ, 2009ರ ಮಾರ್ಚ್, 2020ರ ಏಪ್ರಿಲ್ ಇಂಥ ಚಾರ್ಟ್‌ಗಳಿಗೆ ಹೇಳಿ ಮಾಡಿಸಿದ ತಾರೀಖುಗಳು. ಮಾರುಕಟ್ಟೆ ನೆಲಕ್ಕೆ ಬಿದ್ದಿದ್ದ ಸಮಯಗಳು ಅವು. ಅದೇ ಲೆಕ್ಕವನ್ನು 2007ರ ಡಿಸೆಂಬರ್‌ನಿಂದ ಮಾಡಿ ತೋರಿಸಿ ಎಂದು ಕೇಳಿ. ತಿಂಗಳಿಗೆ ಒಂದು ಪರ್ಸೆಂಟ್, ವರ್ಷಕ್ಕೆ ಹನ್ನೆರಡು ತೆಗೆಯಬಹುದು ಎಂಬ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ ಎಂದೇ ನಾನು ಹೇಳುತ್ತೇನೆ.

ಅಕ್ಕ ಏನು ಮಾಡಬಹುದಿತ್ತು

ಹುಟ್ಟಿದ ವರ್ಷವನ್ನು ಬದಲಿಸಲಾಗದು, ನಿಜ. ಆದರೆ ಅಕ್ಕನ ಕೈಯಲ್ಲಿ ಎರಡು ಸಂಗತಿಗಳಿದ್ದವು.

ಮೊದಲನೆಯದು, 40 ಲಕ್ಷವನ್ನೂ ಈಕ್ವಿಟಿಗೆ ಹಾಕದೆ 6 ಲಕ್ಷವನ್ನು, ಅಂದರೆ ಎರಡು ವರ್ಷದ ಖರ್ಚನ್ನು, ಬ್ಯಾಂಕ್ ಠೇವಣಿಯಲ್ಲೋ ಲಿಕ್ವಿಡ್ ಫಂಡ್‌ನಲ್ಲೋ ಬೇರೆ ಇಡುವುದು. ಉಳಿದ 34 ಲಕ್ಷಕ್ಕೆ 16,760 ಯೂನಿಟ್ ಬರುತ್ತಿತ್ತು. ಮಾರುಕಟ್ಟೆ ಬಿದ್ದ 2008ರಲ್ಲೂ ಇನ್ನೂ ಚೇತರಿಸಿಕೊಳ್ಳುತ್ತಿದ್ದ 2009ರಲ್ಲೂ ಎಸ್‌ಡಬ್ಲ್ಯುಪಿಯನ್ನು ನಿಲ್ಲಿಸಿ ಆ 6 ಲಕ್ಷದಿಂದ ಖರ್ಚು ನಡೆಸಿ, 2010ರಿಂದ ಮತ್ತೆ ಯೂನಿಟ್ ಮಾರಿದ್ದರೆ, 2024ರ ಕೊನೆಗೆ ಆಕೆಯ ಬಳಿ 2,153 ಯೂನಿಟ್ ಇರುತ್ತಿತ್ತು. ಬೆಲೆ ಸುಮಾರು 16.8 ಲಕ್ಷ. ಠೇವಣಿಯ ಬಡ್ಡಿಯನ್ನು ನಾನು ಸೇರಿಸಿಯೇ ಇಲ್ಲ. ಎರಡೇ ಎರಡು ವರ್ಷ ಮಾರದೆ ಇದ್ದದ್ದಕ್ಕೆ 2.2 ಲಕ್ಷದ ಬದಲು 16.8 ಲಕ್ಷ. ಕೆಟ್ಟ ವರ್ಷದಲ್ಲಿ ಮಾರುವ ಒಂದೊಂದು ಯೂನಿಟ್ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯದು ಇದಕ್ಕಿಂತ ದೊಡ್ಡದು. ಅದು ತೆಗೆಯುವ ಮೊತ್ತ. ಅಕ್ಕ ವರ್ಷಕ್ಕೆ 3 ಲಕ್ಷದ ಬದಲು ಶೇ 4, ಅಂದರೆ 1.6 ಲಕ್ಷ ತೆಗೆದಿದ್ದರೆ, ಅದೇ ಕೆಟ್ಟ ಘಳಿಗೆಯಲ್ಲಿ ಶುರು ಮಾಡಿಯೂ, ಒಂದು ವರ್ಷವೂ ನಿಲ್ಲಿಸದೆಯೂ, 2024ರ ಕೊನೆಗೆ 73 ಲಕ್ಷ ಇರುತ್ತಿತ್ತು. ಬೆಲೆಯೇರಿಕೆಗೆ ತಕ್ಕಂತೆ ಆ 1.6 ಲಕ್ಷವನ್ನು ಪ್ರತಿ ವರ್ಷ ಶೇ 6ರಂತೆ ಹೆಚ್ಚಿಸುತ್ತ ಬಂದಿದ್ದರೂ 39 ಲಕ್ಷ ಉಳಿಯುತ್ತಿತ್ತು. ಈ ಕೊನೆಯ ಅಂಕಿ ನೋಡಿ ಅಸಲು ಹಾಗೇ ಇದೆ ಎಂದು ನಿರಾಳವಾಗುವಂತಿಲ್ಲ. ಅಷ್ಟರಲ್ಲಿ ವರ್ಷಕ್ಕೆ ತೆಗೆಯುವ ಮೊತ್ತ 4 ಲಕ್ಷ ದಾಟಿರುತ್ತದೆ, ಇರುವ ಹಣದ ಶೇ 10ಕ್ಕಿಂತ ಹೆಚ್ಚು. ಕರಗುವ ಕಾಲ ಅಲ್ಲಿಗೆ ಶುರುವಾಗಿರುತ್ತದೆ. ಆದರೂ ಹದಿನೇಳು ವರ್ಷ ದಾಟಿಸಿದೆ.

ಶೇ 4 ಎಂಬುದು ನಾನು ಕಣ್ಣುಮುಚ್ಚಿ ಆರಿಸಿದ್ದಲ್ಲ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಆ ದೇಶದ ಷೇರು ಮತ್ತು ಬಾಂಡ್‌ಗಳ ಇತಿಹಾಸವನ್ನು ಹಿಡಿದು, ಎಂಥ ಕೆಟ್ಟ ವರ್ಷದಲ್ಲಿ ನಿವೃತ್ತರಾದರೂ ಮೂವತ್ತು ವರ್ಷ ಹಣ ಬರಬೇಕಾದರೆ ಮೊದಲ ವರ್ಷ ಎಷ್ಟು ತೆಗೆಯಬಹುದು ಎಂದು ಲೆಕ್ಕ ಹಾಕಿದ. ಅವನಿಗೆ ಸಿಕ್ಕ ಉತ್ತರ ಸುಮಾರು ಶೇ 4. ನಮ್ಮಲ್ಲಿ ಬೆಲೆಯೇರಿಕೆ ಸಾಮಾನ್ಯವಾಗಿ ಅಲ್ಲಿಗಿಂತ ಹೆಚ್ಚು. ಆದರೂ ಅರವತ್ತಕ್ಕೆ ನಿವೃತ್ತರಾಗುವ ದಂಪತಿಗೆ ಶೇ 4ರಿಂದ 5ರ ಒಳಗಿರುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ. 40 ಲಕ್ಷಕ್ಕೆ ತಿಂಗಳಿಗೆ ಹದಿಮೂರರಿಂದ ಹದಿನಾರೂವರೆ ಸಾವಿರ. ಕಡಿಮೆಯಾಯಿತು ಎನಿಸುವುದು ಸಹಜ. ಮನೆಯ ದಿನಸಿ, ಔಷಧಿ, ಕರೆಂಟ್ ಬಿಲ್ಲಿನಂಥ ತಪ್ಪಿಸಲಾಗದ ಖರ್ಚಿಗೆ ಎಸ್‌ಡಬ್ಲ್ಯುಪಿಯನ್ನೇ ನೆಚ್ಚಿಕೊಳ್ಳಬಾರದು ಎನ್ನುವುದೂ ಇದಕ್ಕೇ. ಅದಕ್ಕೆ ಪೆನ್ಷನ್, ಹಿರಿಯ ನಾಗರಿಕರ ಉಳಿತಾಯ ಯೋಜನೆ, ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ ಇವೆ. ಹಿರಿಯ ನಾಗರಿಕರ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು. ಇಟ್ಟ ದಿನದ ಬಡ್ಡಿದರ ಐದು ವರ್ಷ ಬದಲಾಗುವುದಿಲ್ಲ. ಅದರ ಮೇಲೆ ಬೇಕಾದದ್ದಕ್ಕೆ, ಮುಂದೆ ಏರುವ ಖರ್ಚಿಗೆ ಎಸ್‌ಡಬ್ಲ್ಯುಪಿ ಇರಲಿ.

ಅಸಲು ಕರಗುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಎಪ್ಪತ್ತೆರಡು ದಾಟಿದವರು, ಸ್ವಂತ ಮನೆ ಇರುವವರು, ಮಕ್ಕಳು ತಮ್ಮ ಕಾಲ ಮೇಲೆ ನಿಂತಿರುವವರು ತಮ್ಮ ದುಡಿಮೆಯ ಹಣವನ್ನು ಹದಿನೆಂಟು ಇಪ್ಪತ್ತು ವರ್ಷದಲ್ಲಿ ಖರ್ಚು ಮಾಡಿ ಮುಗಿಸುತ್ತೇವೆ ಎಂದರೆ ಅದು ಒಳ್ಳೆಯ ಯೋಜನೆಯೇ. ಹೆಂಡತಿ ಗಂಡನಿಗಿಂತ ಐದಾರು ವರ್ಷ ಚಿಕ್ಕವಳಾಗಿದ್ದರೆ ಲೆಕ್ಕವನ್ನು ಆಕೆಯ ವಯಸ್ಸಿಗೆ ಹಾಕಬೇಕು, ಅಷ್ಟೇ. ಗೊತ್ತಿದ್ದು ಕರಗಿಸುವುದು ಬೇರೆ. ಬಡ್ಡಿ ಬರುತ್ತಿದೆ ಎಂದು ನಂಬಿಕೊಂಡೇ ಎಂಬತ್ತನೆಯ ವಯಸ್ಸಿನಲ್ಲಿ ಖಾಲಿ ಫೋಲಿಯೊ ನೋಡುವುದು ಬೇರೆ.

ಶುರು ಮಾಡುವಾಗ, ಆಮೇಲೆ ಪ್ರತಿ ವರ್ಷ

ಅರ್ಜಿಯಲ್ಲಿ ತುಂಬುವುದು ಹೆಚ್ಚೇನಿಲ್ಲ. ಫೋಲಿಯೊ ಸಂಖ್ಯೆ, ಸ್ಕೀಮಿನ ಹೆಸರು, ತಿಂಗಳ ಮೊತ್ತ, ತಾರೀಖು, ಶುರುವಾಗುವ ಮತ್ತು ಮುಗಿಯುವ ತಿಂಗಳು. ಫಂಡ್ ಕಂಪನಿಯ ಜಾಲತಾಣದಲ್ಲೇ ಮಾಡಬಹುದು. ನಿಲ್ಲಿಸುವುದನ್ನೂ ಮೊತ್ತ ಬದಲಿಸುವುದನ್ನೂ ಅಲ್ಲೇ ಮಾಡಬಹುದು, ಆದರೆ ಜಾರಿಗೆ ಬರಲು ಕೆಲವು ದಿನ ಹಿಡಿಯುತ್ತದೆ. ಮುಗಿಯುವ ತಿಂಗಳನ್ನು ಒಂದು ವರ್ಷಕ್ಕೆ ಮಾತ್ರ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಆಗ ವರ್ಷಕ್ಕೊಮ್ಮೆ ಕೂತು ಲೆಕ್ಕ ನೋಡಿಯೇ ಮುಂದುವರಿಸಬೇಕಾಗುತ್ತದೆ. ಫಂಡ್ ಆರಿಸುವಾಗ ಗ್ರೋತ್ ಆಯ್ಕೆಯನ್ನೇ ಹಿಡಿಯಿರಿ. ಹಿಂದೆ ಡಿವಿಡೆಂಡ್ ಎನಿಸಿಕೊಳ್ಳುತ್ತಿದ್ದ, 2021ರಿಂದ ಐಡಿಸಿಡಬ್ಲ್ಯು ಎಂದು ಹೆಸರು ಬದಲಾದ ಆಯ್ಕೆಯಲ್ಲೂ ಕೊಡುವುದು ನಿಮ್ಮದೇ ಹಣ. ಕೊಟ್ಟಷ್ಟು ಎನ್‌ಎವಿ ಇಳಿಯುತ್ತದೆ. ಎಷ್ಟು ಕೊಡಬೇಕೆಂದು ನಿರ್ಧರಿಸುವುದು ಫಂಡ್ ಕಂಪನಿ, ಬಂದ ಅಷ್ಟೂ ಹಣಕ್ಕೆ ನಿಮ್ಮ ಸ್ಲ್ಯಾಬಿನಂತೆ ತೆರಿಗೆ ಬೇರೆ.

ಎಸ್‌ಡಬ್ಲ್ಯುಪಿಯಲ್ಲಿ ತೆರಿಗೆ ಬೀಳುವುದು ಮಾರಿದ ಯೂನಿಟ್‌ನ ಲಾಭದ ಮೇಲೆ ಮಾತ್ರ, ಮೊದಲು ಕೊಂಡದ್ದನ್ನು ಮೊದಲು ಮಾರಿದಂತೆ ಲೆಕ್ಕ. 50 ರೂಪಾಯಿಗೆ ಕೊಂಡ ಯೂನಿಟ್ 60 ಆಗಿರುವಾಗ 25,000 ತೆಗೆದರೆ ಅದರಲ್ಲಿ ಲಾಭ 4,167 ರೂಪಾಯಿ, ವರ್ಷಕ್ಕೆ ಸುಮಾರು 50,000. ಈಕ್ವಿಟಿ ಫಂಡ್‌ನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟ ಯೂನಿಟ್‌ನ ಲಾಭ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಂದ ಮುಕ್ತ, ಅದರ ಮೇಲೆ ಶೇ 12.5. ಒಂದು ವರ್ಷದೊಳಗೆ ಮಾರಿದರೆ ಶೇ 20. ಇದು 2024ರ ಜುಲೈ 23ರಿಂದ ಇರುವ ದರ. ಅನೇಕ ಈಕ್ವಿಟಿ ಫಂಡ್‌ಗಳಲ್ಲಿ ಮೊದಲ ವರ್ಷ ಶೇ 1ರ ಎಕ್ಸಿಟ್ ಲೋಡ್ ಕೂಡ ಇರುತ್ತದೆ. ಹಾಗಾಗಿ ಹಣ ಹಾಕಿದ ಮೊದಲ ವರ್ಷ ಠೇವಣಿಯಿಂದ ಖರ್ಚು ನಡೆಸಿ, ಆಮೇಲೆ ಎಸ್‌ಡಬ್ಲ್ಯುಪಿ ಶುರು ಮಾಡುವುದು ಎರಡೂ ರೀತಿಯಲ್ಲಿ ಲಾಭ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಡೆಟ್ ಫಂಡ್‌ನ ಲಾಭಕ್ಕೆ, ಎಷ್ಟು ವರ್ಷ ಇಟ್ಟರೂ, ನಿಮ್ಮ ಸ್ಲ್ಯಾಬಿನ ದರ. ವಿದೇಶದಲ್ಲಿ ನೆಲೆಸಿರುವ ಅನಿವಾಸಿಗಳಿಗೆ ಲಾಭದ ಮೇಲಿನ ತೆರಿಗೆಯನ್ನು ಮೊದಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ.

ಮೊದಲ ವರ್ಷಗಳಲ್ಲಿ ತೆರಿಗೆ ಬಹಳ ಕಡಿಮೆ ಎಂಬುದನ್ನು ಎಸ್‌ಡಬ್ಲ್ಯುಪಿಯ ದೊಡ್ಡ ಗುಣವೆಂದು ಹೇಳುತ್ತಾರೆ. ಅದು ಗುಣವೇ. ಆದರೆ ಕಾರಣವನ್ನೂ ನೆನಪಿಡಿ. ಆ 25,000ದಲ್ಲಿ 20,833 ರೂಪಾಯಿ ನೀವೇ ಹಾಕಿದ್ದ ಹಣ, ಅದಕ್ಕೇ ತೆರಿಗೆ ಇಲ್ಲ.

ಇನ್ನು ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸ. ವ್ಯವಹಾರ ನಡೆದ ತಿಂಗಳಿಗೆಲ್ಲ ನಿಮ್ಮ ಇಮೇಲ್‌ಗೆ ಕನ್ಸಾಲಿಡೇಟೆಡ್ ಅಕೌಂಟ್ ಸ್ಟೇಟ್‌ಮೆಂಟ್ ಬರುತ್ತದೆ. ಪ್ಯಾನ್ ಒಂದೇ ಇದ್ದರೆ ಎಲ್ಲ ಫಂಡ್‌ಗಳ ವಿವರವೂ ಅದರಲ್ಲಿರುತ್ತದೆ. ಏಪ್ರಿಲ್‌ನಲ್ಲಿ ಬರುವುದನ್ನು ತೆರೆದು, ಉಳಿದ ಯೂನಿಟ್ ಎಷ್ಟು, ಇಂದಿನ ಬೆಲೆ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ಹನ್ನೆರಡು ತಿಂಗಳಲ್ಲಿ ತೆಗೆಯುವ ಒಟ್ಟು ಹಣ ಇಂದಿನ ಬೆಲೆಯ ಶೇಕಡ ಎಷ್ಟು ಎಂದು ಅದರ ಮುಂದೆ ಬರೆಯಿರಿ. ಹಾಕಿದ ಮೂಲ ಮೊತ್ತದ ಶೇಕಡ ಲೆಕ್ಕ ಬೇಡ, ಅದು ಮೋಸ ಮಾಡುತ್ತದೆ. ಅಕ್ಕನದು ಮೂಲ ಮೊತ್ತದ ಲೆಕ್ಕದಲ್ಲಿ ಕೊನೆಯವರೆಗೂ ಶೇ 7.5 ಆಗಿಯೇ ಇತ್ತು.

ಈ ಶೇಕಡ ಲೆಕ್ಕ ಎರಡು ಮೂರು ವರ್ಷ ಸತತವಾಗಿ ಏರುತ್ತಿದ್ದರೆ ಅಸಲು ಕರಗುತ್ತಿದೆ ಎಂದು ತಿಳಿಯಿರಿ. ಅರವತ್ತರ ಹರೆಯದಲ್ಲಿ ಅದು 6 ದಾಟಿದರೆ ಆ ವರ್ಷ ತಿಂಗಳ ಮೊತ್ತವನ್ನು ಏರಿಸಬೇಡಿ. 8 ದಾಟಿದರೆ ಮೊತ್ತವನ್ನು ಇಳಿಸಿ, ಅಥವಾ ಮಾರುಕಟ್ಟೆ ಬಿದ್ದದ್ದೇ ಕಾರಣವಾಗಿದ್ದರೆ ಎಸ್‌ಡಬ್ಲ್ಯುಪಿ ನಿಲ್ಲಿಸಿ ಬೇರೆ ಇಟ್ಟ ಎರಡು ವರ್ಷದ ಹಣಕ್ಕೆ ಕೈಹಾಕಿ. ಒಳ್ಳೆಯ ವರ್ಷ ಬಂದಾಗ ಏರಿದ್ದರಲ್ಲಿ ಒಂದಿಷ್ಟನ್ನು ಮಾರಿ ಆ ಹಣವನ್ನು ಮತ್ತೆ ತುಂಬಿಸಿಡಿ. ಎಸ್‌ಡಬ್ಲ್ಯುಪಿ ನಡೆಯುತ್ತಿರುವ ಫೋಲಿಯೊದಲ್ಲಿ ನಾಮಿನಿಯ ಹೆಸರು ಸರಿಯಾಗಿದೆಯೇ ಎಂಬುದನ್ನೂ ಅದೇ ದಿನ ನೋಡಿಬಿಡಿ.

ನಿಮ್ಮ ತಂದೆತಾಯಿಗೋ ಅತ್ತೆಮಾವನಿಗೋ ಎಸ್‌ಡಬ್ಲ್ಯುಪಿ ಮಾಡಿಸಿಕೊಟ್ಟವರು ನೀವಾಗಿದ್ದರೆ, ಈ ಏಪ್ರಿಲ್‌ನಲ್ಲಿ ಅವರ ಸ್ಟೇಟ್‌ಮೆಂಟ್ ತೆರೆದು ಅವರ ಜೊತೆಗೇ ಕೂತು ಈ ಲೆಕ್ಕ ಮಾಡಿ. ಹತ್ತು ನಿಮಿಷದ ಕೆಲಸ. ಅರವತ್ತೈದರಲ್ಲಿ ಗೊತ್ತಾದರೆ ತಿಂಗಳಿಗೆ ನಾಲ್ಕೈದು ಸಾವಿರ ಕಡಿಮೆ ಮಾಡಿ ಸರಿಪಡಿಸಬಹುದು, ಎಂಬತ್ತರಲ್ಲಿ ಗೊತ್ತಾದರೆ ಸರಿಪಡಿಸಲು ಯೂನಿಟ್‌ಗಳೇ ಉಳಿದಿರುವುದಿಲ್ಲ.